ರೈಬೋಸೋಮ್ ನೋಡೋದು ಐಡಿ ಕಾರ್ಡ್ ಮಾತ್ರ: ಎಡವಿಸುವ ಐದು ಪ್ರಶ್ನೆಗಳು

ಇದು ಈ ವಾರದ ವಿಡಿಯೋದ ಬರಹ ರೂಪ. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ, ಮನೇಲಿ ಮಕ್ಕಳಿಗೋ ತಂಗಿಗೋ ಜೀವಶಾಸ್ತ್ರ ಹೇಳಿಕೊಡಬೇಕಾದೋರಿಗೆ ಅನುಕೂಲ ಆಗಲಿ ಅಂತ ಸ್ವಲ್ಪ ತಿದ್ದಿ ಬರೆದಿದ್ದೀನಿ.

ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ರಾಯಚೂರು ಕಡೆಯವರು. ಅವರ ಮಗಳು ಸಿಎಸ್‌ಐಆರ್ ನೆಟ್ ಪರೀಕ್ಷೆಗೆ ಓದ್ತಿದ್ದಾಳೆ. ನಾನು ಎಂ.ಟೆಕ್‌ನಲ್ಲಿ ಬಯೋಇನ್‌ಫರ್ಮ್ಯಾಟಿಕ್ಸ್ ಓದಿ ಆಮೇಲೆ ಸಾಫ್ಟ್‌ವೇರಿಗೆ ಬಂದವನು ಅಂತ ಅವಳಿಗೆ ಗೊತ್ತು. ಒಂದು ಭಾನುವಾರ ಅಭ್ಯಾಸ ಪರೀಕ್ಷೆಯ ಹಾಳೆ ಹಿಡ್ಕೊಂಡು ಮೇಲೆ ಬಂದಳು. "ಅಣ್ಣಾ, ಈ ಪ್ರಶ್ನೆದಾಗ ಕೀ ತಪ್ಪದನೋ, ನಂದ ತಪ್ಪದನೋ, ಹೇಳ್ರಿ" ಅಂದಳು. ಪ್ರಶ್ನೆ ಹೀಗಿತ್ತು:

ಥ್ರಿಯೋನಿಲ್-ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವಕ್ಕೆ ತಿದ್ದುಪಡಿ ಕೋಣೆ ಇರುವುದು ಯಾವ ಅಮೈನೋ ಆಮ್ಲವನ್ನು ತೆಗೆದುಹಾಕಲು? (ಅ) ವ್ಯಾಲೀನ್ (ಆ) ಸೆರೀನ್ (ಇ) ಎರಡೂ (ಈ) ಯಾವುದೂ ಅಲ್ಲ.

ಅವಳು ಗುರುತು ಹಾಕಿದ್ದು (ಆ). ಕೋಚಿಂಗ್‌ನವರ ಉತ್ತರಪಟ್ಟಿಯಲ್ಲಿದ್ದದ್ದು (ಇ). ತಪ್ಪಿಗೆ ಅಂಕ ಕಳೆಯುವ ಪರೀಕ್ಷೆ ಇದು. ಅದಕ್ಕಿಂತ ದೊಡ್ಡ ನಷ್ಟ ಏನಂದ್ರೆ, ಸರಿಯಾಗಿ ಯೋಚನೆ ಮಾಡಿದವಳಿಗೆ ತನ್ನ ಯೋಚನೆ ಮೇಲೇ ಅನುಮಾನ ಬಂದಿತ್ತು. ಉತ್ತರ ಯಾಕೆ (ಆ) ಅಂತ ಹೇಳೋಕೆ ಮೊದಲು ಎರಡು ಸುಲಭದ ಪ್ರಶ್ನೆ ದಾಟಬೇಕು. ಈ ಅಧ್ಯಾಯದ ಎಡವಿಸುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಸಂಗತಿಯನ್ನು ಬೇರೆ ಬೇರೆ ವೇಷದಲ್ಲಿ ಕೇಳುತ್ತವೆ: ತಪಾಸಣೆ ಯಾವ ಬಾಗಿಲಲ್ಲಿ ನಡೆಯುತ್ತೆ, ಆ ಬಾಗಿಲಲ್ಲಿ ಯಾವುದನ್ನು ನೋಡ್ತಾರೆ?

ನಮ್ಮ ಆಫೀಸನ್ನೇ ನೆನಪು ಮಾಡ್ಕೊಳ್ಳಿ. ಗೇಟಿನಲ್ಲಿ ಸೆಕ್ಯುರಿಟಿಯವರು ನೋಡೋದು ಕೊರಳಲ್ಲಿರೋ ಐಡಿ ಕಾರ್ಡ್. ಮುಖಕ್ಕೂ ಕಾರ್ಡಿಗೂ ತಾಳೆ ಹಾಕಿದ್ದು ಕಾರ್ಡ್ ಕೊಟ್ಟ ದಿನ, ಕಾರ್ಡ್ ಕೊಡುವ ಮೇಜಿನಲ್ಲಿ. ಜೀವಕೋಶದಲ್ಲಿ ಟಿಆರ್‌ಎನ್‌ಎ ಅನ್ನೋದೇ ಆ ಕಾರ್ಡ್. ಅದರ ಒಂದು ತುದಿಯಲ್ಲಿ ಆಂಟಿಕೋಡಾನ್ ಅಚ್ಚಾಗಿದೆ, ಇನ್ನೊಂದು ತುದಿಗೆ ಅಮೈನೋ ಆಮ್ಲ ಅಂಟಿಕೊಂಡಿದೆ. ಕಾರ್ಡ್ ಕೊಡುವ ಮೇಜು ಸಿಂಥೆಟೇಸ್ ಕಿಣ್ವ. ಗೇಟು ರೈಬೋಸೋಮ್. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಪ್ರಶ್ನೆ 1: ರೈಬೋಸೋಮಿನಲ್ಲಿ ಯಾವ ಕೆಲಸ ಎಲ್ಲಿ?

ಬ್ಯಾಕ್ಟೀರಿಯಾದ ರೈಬೋಸೋಮಿನ ಬಗ್ಗೆ ಸರಿಯಾದ ಹೇಳಿಕೆ ಯಾವುದು?
(ಅ) ಕೋಡಾನ್ ತಾಳೆ ನೋಡುವುದೂ ಪೆಪ್ಟೈಡ್ ಬಂಧ ಕಟ್ಟುವುದೂ 50ಎಸ್ ಭಾಗದ ಪ್ರೋಟೀನುಗಳು.
(ಆ) ಕೋಡಾನ್ ತಾಳೆ 30ಎಸ್ ಭಾಗದ 16ಎಸ್ ಆರ್‌ಆರ್‌ಎನ್‌ಎ ಬಳಿ, ಬಂಧ ಕಟ್ಟುವುದು 50ಎಸ್ ಭಾಗದ 23ಎಸ್ ಆರ್‌ಆರ್‌ಎನ್‌ಎ ಬಳಿ.
(ಇ) ಕೋಡಾನ್ ತಾಳೆ 30ಎಸ್ ಭಾಗದ ಆರ್‌ಎನ್‌ಎ ಬಳಿ, ಬಂಧ ಕಟ್ಟುವುದು 50ಎಸ್ ಭಾಗದ ಪ್ರೋಟೀನ್ ಕಿಣ್ವ.
(ಈ) ತಾಳೆ 50ಎಸ್‌ನಲ್ಲಿ, ಬಂಧ 30ಎಸ್‌ನಲ್ಲಿ.

ಉತ್ತರ (ಆ). ಜಾಸ್ತಿ ಜನ ಬೀಳೋದು (ಇ) ಹಳ್ಳಕ್ಕೆ, ಯಾಕಂದ್ರೆ "ಕಿಣ್ವ ಅಂದ್ರೆ ಪ್ರೋಟೀನ್" ಅಂತ ನಾವು ಶಾಲೆಯಿಂದ ಕಲಿತು ಬಂದಿದ್ದೀವಿ. 2000ರಲ್ಲಿ ಥಾಮಸ್ ಸ್ಟೈಟ್ಜ್ ಅವರ ತಂಡ ದೊಡ್ಡ ಭಾಗದ ಸ್ಫಟಿಕ ರಚನೆಯನ್ನು ಬಿಡಿಸಿ ನೋಡಿದಾಗ, ಬಂಧ ಕಟ್ಟುವ ಜಾಗದಿಂದ ಸುಮಾರು 1.8 ನ್ಯಾನೋಮೀಟರ್ ಒಳಗೆ ಒಂದೂ ಪ್ರೋಟೀನ್ ಕಾಣಲಿಲ್ಲ. ಇದ್ದದ್ದು ಬರೀ ಆರ್‌ಎನ್‌ಎ. ಅದೇ ವರ್ಷ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರ ತಂಡ ಸಣ್ಣ ಭಾಗವಾದ 30ಎಸ್‌ನ ರಚನೆ ಕೊಟ್ಟಿತು. ಇಬ್ಬರಿಗೂ, ಅವರ ಜೊತೆ ಆಡಾ ಯೋನಾತ್ ಅವರಿಗೂ, 2009ರ ರಸಾಯನಶಾಸ್ತ್ರ ನೊಬೆಲ್ ಬಂತು.

50 ಮತ್ತು 30 ಸೇರಿದರೆ 80 ಆಗದೆ 70ಎಸ್ ಯಾಕೆ ಅಂತಲೂ ಇಲ್ಲೇ ಕೇಳ್ತಾರೆ. ಎಸ್ ಅಂದ್ರೆ ಸ್ವೆಡ್‌ಬರ್ಗ್. ಜೋರಾಗಿ ತಿರುಗಿಸಿದಾಗ ಕಣ ಎಷ್ಟು ಬೇಗ ತಳ ಸೇರುತ್ತೆ ಅನ್ನೋದರ ಅಳತೆ ಅದು, ತೂಕ ಅಲ್ಲ. ಎರಡು ಭಾಗ ಅಂಟಿಕೊಂಡಾಗ ಆಕಾರವೂ ಬದಲಾಗುತ್ತೆ, ಹಾಗಾಗಿ ಕೂಡಿಸೋ ಲೆಕ್ಕ ಹೊಂದಲ್ಲ. ನಮ್ಮ ಜೀವಕೋಶದ ದ್ರವದಲ್ಲಿರೋ ರೈಬೋಸೋಮಿಗೂ ಅದೇ ಕಥೆ: 60 ಮತ್ತು 40 ಸೇರಿ 80ಎಸ್.

ಈಗ ನಮಗೆ ಬೇಕಾದ ವಿಷಯ. ಟಿಆರ್‌ಎನ್‌ಎ ಮೂರು ಆಯಾಮದಲ್ಲಿ ಇಂಗ್ಲಿಷಿನ L ಅಕ್ಷರದ ಹಾಗಿದೆ. ಒಂದು ತುದಿ ಆಂಟಿಕೋಡಾನ್, ಅದು 30ಎಸ್ ಭಾಗದಲ್ಲಿ ಕೂರುತ್ತೆ. ಇನ್ನೊಂದು ತುದಿ ಅಮೈನೋ ಆಮ್ಲ ಹೊತ್ತ ತುದಿ, ಅದು 50ಎಸ್ ಭಾಗದೊಳಗೆ ಕೂರುತ್ತೆ. ಇವೆರಡರ ನಡುವಿನ ದೂರ ಸುಮಾರು 7.5 ನ್ಯಾನೋಮೀಟರ್. ಅಣುಗಳ ಲೋಕದಲ್ಲಿ ಇದು ಬಹಳ ದೂರ. ಅಂದ್ರೆ ಕೋಡಾನ್ ತಾಳೆ ನೋಡುವ ಜಾಗಕ್ಕೆ ಆ ತುದಿಯಲ್ಲಿ ನೇತಾಡುತ್ತಿರುವ ಅಮೈನೋ ಆಮ್ಲ ಯಾವುದು ಅಂತ ಕಾಣೋದೇ ಇಲ್ಲ. ಸೆಕ್ಯುರಿಟಿಯವರು ಕಾರ್ಡ್ ನೋಡ್ತಾರೆ, ಮುಖ ನೋಡಲ್ಲ ಅಂದದ್ದು ಇದಕ್ಕೇ.

ಪ್ರಶ್ನೆ 2: ಕಾರ್ಡ್ ಒಬ್ಬರದು, ಮನುಷ್ಯ ಇನ್ನೊಬ್ಬ

ಸಿಸ್ಟೀನ್‌ನ ಟಿಆರ್‌ಎನ್‌ಎಗೆ ಸಿಸ್ಟೀನ್ ಅಂಟಿಸಲಾಗಿದೆ. ಆಮೇಲೆ ರಾಸಾಯನಿಕವಾಗಿ ಆ ಸಿಸ್ಟೀನ್‌ನ ಗಂಧಕವನ್ನು ಕಿತ್ತು ಅದನ್ನು ಅಲನೀನ್ ಮಾಡಲಾಗಿದೆ. ಇದನ್ನು ಪ್ರೋಟೀನ್ ತಯಾರಿಸುವ ಮಿಶ್ರಣಕ್ಕೆ ಹಾಕಿದರೆ ಏನಾಗುತ್ತೆ?
(ಅ) ಸಿಸ್ಟೀನ್ ಕೋಡಾನ್ ಬಂದಲ್ಲಿ ಅಲನೀನ್ ಸೇರುತ್ತೆ.
(ಆ) ಅಲನೀನ್ ಕೋಡಾನ್ ಬಂದಲ್ಲಿ ಅಲನೀನ್ ಸೇರುತ್ತೆ.
(ಇ) ರೈಬೋಸೋಮ್ ಇದನ್ನು ತಪ್ಪು ಅಂತ ಗುರುತಿಸಿ ವಾಪಸ್ ಕಳಿಸುತ್ತೆ.
(ಈ) ಅನುವಾದ ಅಲ್ಲೇ ನಿಲ್ಲುತ್ತೆ.

ಉತ್ತರ (ಅ). ಇದು ಕಲ್ಪನೆಯ ಪ್ರಶ್ನೆ ಅಲ್ಲ, 1962ರಲ್ಲಿ ಶಾಪ್‌ವಿಲ್, ಲಿಪ್‌ಮನ್, ಬೆಂಜರ್ ಮತ್ತು ಜೊತೆಗಾರರು ನಿಜವಾಗಿ ಮಾಡಿದ ಪ್ರಯೋಗ. ಗಂಧಕ ಕೀಳೋಕೆ ಅವರು ಬಳಸಿದ್ದು ರಾನಿ ನಿಕ್ಕಲ್ ಅನ್ನೋ ವೇಗವರ್ಧಕ. UGU ತರಹದ ಕೋಡಾನ್ ಇರುವ ಕೃತಕ ಆರ್‌ಎನ್‌ಎ ಕೊಟ್ಟರು. ಅದು ಸಿಸ್ಟೀನ್ ಕೇಳುವ ಸಂದೇಶ. ರೈಬೋಸೋಮ್ ಒಂದು ಮಾತೂ ಆಡದೆ ಅಲನೀನ್ ಸೇರಿಸಿತು.

(ಆ) ಗುರುತು ಹಾಕೋರು ಅಮೈನೋ ಆಮ್ಲವೇ ತನ್ನ ಜಾಗ ಹುಡುಕಿಕೊಳ್ಳುತ್ತೆ ಅಂತ ಭಾವಿಸಿರ್ತಾರೆ. (ಇ) ಹಾಕೋರು ರೈಬೋಸೋಮಿಗೆ ಇಲ್ಲದ ಬುದ್ಧಿ ಕೊಟ್ಟಿರ್ತಾರೆ. ಒಂದು ಮಿತಿ ಮಾತ್ರ ನೆನಪಿರಲಿ. ರೈಬೋಸೋಮಿನ ತನಕ ಟಿಆರ್‌ಎನ್‌ಎಯನ್ನು ಹೊತ್ತು ತರುವ ಇಎಫ್-ಟಿಯು ಎಂಬ ಪ್ರೋಟೀನ್, ಕೆಲವು ತಪ್ಪು ಜೋಡಿಗಳನ್ನು ಅತಿ ಸಡಿಲವಾಗಿ ಇಲ್ಲಾ ಅತಿ ಬಿಗಿಯಾಗಿ ಹಿಡಿಯುತ್ತೆ. ಅಲ್ಲೂ ಒಂದಷ್ಟು ಸೋಸುವಿಕೆ ನಡೆಯುತ್ತೆ. ಆದರೂ ಕೋಡಾನ್ ತಾಳೆಯ ಹಂತದಲ್ಲಿ ಅಮೈನೋ ಆಮ್ಲದ ಪರೀಕ್ಷೆ ಇಲ್ಲ ಅನ್ನೋ ಮಾತು ಬದಲಾಗಲ್ಲ.

ಹಾಗಾದ್ರೆ ಪೂರ್ತಿ ಭಾರ ಬೀಳೋದು ಕಾರ್ಡ್ ಕೊಡುವ ಮೇಜಿನ ಮೇಲೆ. ಅಲ್ಲಿ ತಪ್ಪಾದ್ರೆ ಮುಂದೆ ಹಿಡಿಯೋರು ಕಡಿಮೆ. ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ.

ಪ್ರಶ್ನೆ 3: ವ್ಯಾಲೀನೋ, ಸೆರೀನೋ?

ಟಿಆರ್‌ಎನ್‌ಎ ಚಾರ್ಜಿಂಗ್ ಅಂದ್ರೆ ಅದಕ್ಕೆ ಅಮೈನೋ ಆಮ್ಲ ಅಂಟಿಸೋ ಕೆಲಸ. ಇದು ಎರಡು ಹೆಜ್ಜೆಯಲ್ಲಿ ಆಗುತ್ತೆ. ಮೊದಲು ಅಮೈನೋ ಆಮ್ಲ ಎಟಿಪಿ ಜೊತೆ ಸೇರಿ ಎಎಂಪಿ ಹೊತ್ತ ರೂಪಕ್ಕೆ ಬರುತ್ತೆ, ಪೈರೋಫಾಸ್ಫೇಟ್ ಹೊರಗೆ ಬೀಳುತ್ತೆ. ಎರಡನೇ ಹೆಜ್ಜೆಯಲ್ಲಿ ಅಮೈನೋ ಆಮ್ಲ ಟಿಆರ್‌ಎನ್‌ಎ ತುದಿಗೆ ದಾಟುತ್ತೆ, ಎಎಂಪಿ ಬಿಡುಗಡೆ ಆಗುತ್ತೆ. ಹೊರಬಿದ್ದ ಪೈರೋಫಾಸ್ಫೇಟ್ ಕೂಡ ಒಡೆಯೋದರಿಂದ, ಖರ್ಚಾದದ್ದು ಒಂದೇ ಎಟಿಪಿ ಅಣುವಾದರೂ ಮುರಿದ ಶಕ್ತಿಯ ಬಂಧ ಎರಡು. "ಎಷ್ಟು ಎಟಿಪಿ?" ಅಂತ ಕೇಳಿದ್ದಾರೋ "ಎಷ್ಟು ಉನ್ನತ ಶಕ್ತಿಯ ಬಂಧ?" ಅಂತ ಕೇಳಿದ್ದಾರೋ ಓದಿ ನೋಡಿ. ಒಂದು ಅಂಕ ಅಲ್ಲೇ ಹೋಗುತ್ತೆ.

ಈಗ ಥ್ರಿಯೋನೀನ್ ಅಂಟಿಸುವ ಕಿಣ್ವದ ಕಷ್ಟ ನೋಡಿ. ಥ್ರಿಯೋನೀನ್‌ನ ಪಕ್ಕದ ಸರಪಳಿಯಲ್ಲಿ ಒಂದು ಓಎಚ್ ಗುಂಪು, ಒಂದು ಮೀಥೈಲ್ ಗುಂಪು ಇವೆ. ಇದನ್ನು ಹೋಲುವ ಇಬ್ಬರು ಇದ್ದಾರೆ. ವ್ಯಾಲೀನ್‌ನಲ್ಲಿ ಓಎಚ್ ಜಾಗದಲ್ಲೂ ಮೀಥೈಲ್ ಇದೆ. ಗಾತ್ರ, ಆಕಾರ ಹೆಚ್ಚುಕಡಿಮೆ ಒಂದೇ, ಓಎಚ್ ಮಾತ್ರ ಇಲ್ಲ. ಸೆರೀನ್‌ನಲ್ಲಿ ಓಎಚ್ ಇದೆ, ಮೀಥೈಲ್ ಇಲ್ಲ, ಹಾಗಾಗಿ ಸ್ವಲ್ಪ ಸಣ್ಣದು. ಬಾಗಿಲಿಗೆ ತಕ್ಕ ಗಾತ್ರದವನು ಒಬ್ಬ, ಬಾಗಿಲಿಗಿಂತ ಸಣ್ಣವನು ಇನ್ನೊಬ್ಬ. ಇಬ್ಬರನ್ನೂ ತಡೀಬೇಕು.

ಇದನ್ನು ಬಿಡಿಸಿದ ಕೆಲಸಕ್ಕೂ ನಮ್ಮ ಏರಿಯಾಕ್ಕೂ ನಂಟಿದೆ. ಮಲ್ಕಾಜ್‌ಗಿರಿಯಿಂದ ತಾರ್ನಾಕ ದಾಟಿ ಹಬ್ಸಿಗುಡ ಕಡೆ ಹೋದ್ರೆ ಉಪ್ಪಲ್ ರಸ್ತೆಯಲ್ಲಿ ಸಿಸಿಎಂಬಿ ಕಾಣುತ್ತೆ. ಅಲ್ಲಿನ ವಿಜ್ಞಾನಿ ರಾಜನ್ ಶಂಕರನಾರಾಯಣನ್ ಅವರು ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದಾಗ ಇದೇ ಥ್ರಿಯೋನೀನ್ ಕಿಣ್ವದ ರಚನೆಯನ್ನು ಟಿಆರ್‌ಎನ್‌ಎ ಸಮೇತ ಬಿಡಿಸಿದರು. ಅದು ಪ್ರಕಟವಾದದ್ದು 1999ರಲ್ಲಿ. ಮರುವರ್ಷ ವ್ಯಾಲೀನ್ ಯಾಕೆ ಒಳಗೆ ಬರಲ್ಲ ಅನ್ನೋದಕ್ಕೆ ಉತ್ತರ ಬಂತು.

ಕಿಣ್ವದ ಅಂಟಿಸುವ ಕೋಣೆಯಲ್ಲಿ ಒಂದು ಸತುವಿನ ಅಯಾನ್ ಕೂತಿದೆ. ಥ್ರಿಯೋನೀನ್ ಬಂದಾಗ ಆ ಸತು ಅದನ್ನು ಎರಡು ಕಡೆ ಹಿಡಿಯುತ್ತೆ: ಅಮೈನೋ ಗುಂಪನ್ನು ಒಂದು ಕಡೆ, ಪಕ್ಕದ ಸರಪಳಿಯ ಓಎಚ್ ಗುಂಪನ್ನು ಇನ್ನೊಂದು ಕಡೆ. ವ್ಯಾಲೀನ್‌ಗೆ ಓಎಚ್ ಇಲ್ಲ, ಸತುವಿಗೆ ಹಿಡಿಯೋಕೆ ಎರಡನೇ ಕೈ ಸಿಗಲ್ಲ. ಅದಕ್ಕೇ ಗಾತ್ರ ಸರಿಯಿದ್ದರೂ ವ್ಯಾಲೀನ್ ಮೊದಲ ಬಾಗಿಲಲ್ಲೇ ಹೊರಗೆ. ಸೆರೀನ್‌ಗೆ ಓಎಚ್ ಇದೆ, ಅಮೈನೋ ಗುಂಪೂ ಇದೆ. ಸತು ಅದನ್ನೂ ಹಿಡಿಯುತ್ತೆ. ಸಣ್ಣದಾದ್ದರಿಂದ ಕೋಣೆಯಲ್ಲಿ ಆರಾಮಾಗಿ ಕೂರುತ್ತೆ, ಆಗಾಗ ಟಿಆರ್‌ಎನ್‌ಎಗೆ ಅಂಟಿಯೂ ಬಿಡುತ್ತೆ.

ಅದಕ್ಕೇ ಎರಡನೇ ಕೋಣೆ, ತಿದ್ದುಪಡಿ ಕೋಣೆ. ಅಮೈನೋ ಆಮ್ಲ ಅಂಟಿದ ಟಿಆರ್‌ಎನ್‌ಎ ತುದಿ ಅಲ್ಲಿಗೆ ತಿರುಗಿದಾಗ ಸೆರೀನ್ ಇದ್ರೆ ಬಂಧ ಕತ್ತರಿಸಿ ಬಿಸಾಡುತ್ತೆ, ಥ್ರಿಯೋನೀನ್ ಇದ್ರೆ ಬಿಡುತ್ತೆ. ಹಾಗಾಗಿ ತಿದ್ದುಪಡಿ ಕೋಣೆ ಬೇಕಾಗಿದ್ದು ಸೆರೀನ್‌ಗೆ. ವ್ಯಾಲೀನ್ ಆ ಕೋಣೆ ತನಕ ಬರೋದೇ ಇಲ್ಲ. ಉತ್ತರ (ಆ). ಹುಡುಗಿ ಸರಿ, ಉತ್ತರಪಟ್ಟಿ ತಪ್ಪು.

ಉತ್ತರಪಟ್ಟಿ ಬರೆದವರು ಎಲ್ಲಿ ಎಡವಿರಬಹುದು ಅಂತ ಊಹಿಸೋದು ಕಷ್ಟ ಅಲ್ಲ. ಪಠ್ಯಪುಸ್ತಕದಲ್ಲಿ ಎಲ್ಲರೂ ಓದೋ ಉದಾಹರಣೆ ಐಸೋಲ್ಯೂಸೀನ್ ಕಿಣ್ವದ್ದು. ಅಲ್ಲಿ ನುಸುಳುವವನು, ತಿದ್ದುಪಡಿ ಕೋಣೆಯಲ್ಲಿ ಸಿಕ್ಕಿಬೀಳುವವನು ವ್ಯಾಲೀನೇ. ಆ ನೆನಪು ಇಲ್ಲಿಗೆ ಬಂದ್ರೆ "ಎರಡೂ" ಅಂತ ಬರೆಯೋದು ಸಹಜ. ಯಾವ ಕಿಣ್ವ ಅನ್ನೋದನ್ನು ನೋಡಿ, ಅದಕ್ಕೆ ಹೋಲುವವರು ಯಾರು, ಪ್ರತಿಯೊಬ್ಬರೂ ಯಾವ ಬಾಗಿಲಲ್ಲಿ ನಿಲ್ಲುತ್ತಾರೆ ಅಂತ ಬೇರೆ ಬೇರೆಯಾಗಿ ಕೇಳ್ಕೋಬೇಕು.

ಸಿಸಿಎಂಬಿಯಲ್ಲಿ ಇದೇ ಎಳೆ ಮುಂದುವರೀತು. ನಮ್ಮ ಪ್ರೋಟೀನುಗಳಲ್ಲಿರೋ ಅಮೈನೋ ಆಮ್ಲಗಳು ಎಲ್ ರೂಪದವು, ಎಡಗೈ ಇದ್ದಂಗೆ. ಅವುಗಳ ಕನ್ನಡಿ ಬಿಂಬ ಡಿ ರೂಪ. ಟೈರೋಸೀನ್ ಕಿಣ್ವದಂಥ ಕೆಲವು ಸಿಂಥೆಟೇಸ್‌ಗಳು ಡಿ ರೂಪವನ್ನೂ ಅಂಟಿಸಿಬಿಡ್ತವೆ. ಅದನ್ನು ಕತ್ತರಿಸೋಕೆ ಡಿಟಿಡಿ ಅನ್ನೋ ಬೇರೆಯೇ ಕಿಣ್ವ ಇದೆ. ಶಂಕರನಾರಾಯಣನ್ ಅವರ ತಂಡ ತೋರಿಸಿದ್ದು ಏನಂದ್ರೆ, ಈ ಕಿಣ್ವ ಡಿ ರೂಪವನ್ನು ಹುಡುಕಿ ಹಿಡಿಯೋದಕ್ಕಿಂತ ಹೆಚ್ಚಾಗಿ ಎಲ್ ರೂಪವನ್ನು ಹತ್ತಿರ ಬಿಡಲ್ಲ. "ಎಲ್ ಆಗಿದ್ರೆ ಹೊರಗೆ" ಅನ್ನೋದೇ ಅದರ ಏಕೈಕ ನಿಯಮ. ಎಡ-ಬಲ ಭೇದವೇ ಇಲ್ಲದ ಗ್ಲೈಸೀನ್ ಬಂದ್ರೆ? ನಿಯಮದ ಪ್ರಕಾರ ಅದು ಎಲ್ ಅಲ್ಲ, ಹಾಗಾಗಿ ಒಳಗೆ ಬಂದು ಕತ್ತರಿಗೆ ಸಿಗುತ್ತೆ. ಅಲನೀನ್‌ನ ಟಿಆರ್‌ಎನ್‌ಎಗೆ ತಪ್ಪಾಗಿ ಅಂಟಿದ ಗ್ಲೈಸೀನನ್ನು ಇದು ತೆಗೆಯುತ್ತೆ ಅಂತ ಅದೇ ತಂಡ ಆಮೇಲೆ ತೋರಿಸಿತು. ಸರಿಯಾಗಿ ಅಂಟಿದ ಗ್ಲೈಸೀನನ್ನು ಕಾಪಾಡೋದರಲ್ಲಿ ಆಗಲೇ ಹೇಳಿದ ಇಎಫ್-ಟಿಯು ಪಾತ್ರವೂ ಇದೆ. ಇವರಿಗೆ 2020ರ ಇನ್ಫೋಸಿಸ್ ಪ್ರಶಸ್ತಿ ಬಂದಿದ್ದು ಜೀವವಿಜ್ಞಾನ ವಿಭಾಗದಲ್ಲಿ, ಇದೇ ಕೆಲಸಕ್ಕೆ.

ತಿದ್ದುಪಡಿ ಕೋಣೆ ಕೆಟ್ಟರೆ ಏನಾಗುತ್ತೆ? 2006ರಲ್ಲಿ ಒಂದು ಇಲಿ ತಳಿಯ ಬಗ್ಗೆ ವರದಿ ಬಂತು. ಅದರ ಅಲನೀನ್ ಸಿಂಥೆಟೇಸ್‌ನ ತಿದ್ದುಪಡಿ ಭಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಅಲನೀನ್ ಜಾಗಕ್ಕೆ ಆಗಾಗ ಸೆರೀನ್ ನುಸುಳಿತು, ಪ್ರೋಟೀನುಗಳು ತಪ್ಪಾಗಿ ಮಡಚಿಕೊಂಡವು. ಇಲಿಗಳ ಕಿರುಮೆದುಳಿನ ಪರ್ಕಿಂಜೆ ಕೋಶಗಳು ಸಾಯತೊಡಗಿ, ನಡಿಗೆಯ ಹಿಡಿತ ತಪ್ಪಿತು. ತಿದ್ದುಪಡಿ ಪೂರ್ತಿ ನಿಂತಿರಲಿಲ್ಲ, ಸ್ವಲ್ಪ ಕುಗ್ಗಿತ್ತು ಅಷ್ಟೇ.

ಪ್ರಶ್ನೆ 4: ವಾಬಲ್, ಮತ್ತೆ ದಿಕ್ಕಿನ ಮೋಸ

ಈಗ ಗೇಟಿಗೆ ವಾಪಸ್ ಬರೋಣ. ಅಲ್ಲಿ ಕಾರ್ಡನ್ನು ಎಷ್ಟು ಕಟ್ಟುನಿಟ್ಟಾಗಿ ನೋಡ್ತಾರೆ?

5′-IGC-3′ ಆಂಟಿಕೋಡಾನ್ ಇರುವ ಟಿಆರ್‌ಎನ್‌ಎ ಯಾವ ಕೋಡಾನುಗಳನ್ನು ಓದುತ್ತೆ? (I ಅಂದರೆ ಇನೋಸಿನ್)
(ಅ) GCU, GCC, GCA
(ಆ) GCU, GCC, GCA, GCG
(ಇ) UCG, CCG, ACG
(ಈ) GCU ಮಾತ್ರ

ಕಣ್ಣಲ್ಲೇ ಬಿಡಿಸಬೇಡಿ, ಪೆನ್ಸಿಲ್ ತಗೊಳ್ಳಿ. ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಜೋಡಿಯಾಗ್ತವೆ. ಅದಕ್ಕೆ ಕೋಡಾನನ್ನು 5′ ಇಂದ ಬರೆದರೆ ಆಂಟಿಕೋಡಾನನ್ನು 3′ ಇಂದ ಬರೀಬೇಕು:

```
ಕೋಡಾನ್        5'- G  C  ? -3'
ಆಂಟಿಕೋಡಾನ್   3'- C  G  I -5'
```

ಆಂಟಿಕೋಡಾನಿನ ಕೊನೆಯ C ಕೋಡಾನಿನ ಮೊದಲ ಅಕ್ಷರದ ಎದುರು ಬಂತು, ಅಲ್ಲಿ G. ನಡುವೆ G ಎದುರು C. ಆಂಟಿಕೋಡಾನಿನ ಮೊದಲ ಅಕ್ಷರ I, ಕೋಡಾನಿನ ಮೂರನೇ ಅಕ್ಷರದ ಎದುರು. ಫ್ರಾನ್ಸಿಸ್ ಕ್ರಿಕ್ 1966ರಲ್ಲಿ ಮಂಡಿಸಿದ ವಾಬಲ್ ನಿಯಮದಂತೆ ಇನೋಸಿನ್ U, C, A ಮೂರಕ್ಕೂ ಜೋಡಿಯಾಗುತ್ತೆ, G ಗೆ ಆಗಲ್ಲ. ಉತ್ತರ (ಅ). ಮೂರೂ ಅಲನೀನ್ ಕೋಡಾನುಗಳೇ.

ದಿಕ್ಕು ತಿರುಗಿಸೋದು ಮರೆತವರಿಗೆ (ಇ) ಬರುತ್ತೆ, ಪ್ರಶ್ನೆ ಮಾಡಿದವರು ಅದಕ್ಕೇ ಅಂತಲೇ ಅದನ್ನು ಇಟ್ಟಿರ್ತಾರೆ. ನಾಲ್ಕೂ ಅಲನೀನ್ ಕೋಡಾನೇ ಅಲ್ವಾ ಅಂತ ಅಂದುಕೊಂಡವರು (ಆ) ಹಾಕ್ತಾರೆ. (ಈ) ಯಾಕಿದೆ ಅಂದ್ರೆ, ಇನೋಸಿನ್ ವಂಶವಾಹಿಯಲ್ಲಿ ಬರೆದಿರಲ್ಲ. ಅಲ್ಲಿರೋದು A. ಟಿಆರ್‌ಎನ್‌ಎ ತಯಾರಾದ ಮೇಲೆ ಒಂದು ಕಿಣ್ವ ಆ A ಯನ್ನು I ಮಾಡುತ್ತೆ. ವಂಶವಾಹಿ ಓದಿ A ಅಂತಲೇ ಲೆಕ್ಕ ಹಾಕಿದರೆ U ಒಂದೇ ಸಿಗುತ್ತೆ.

ಮೂರನೇ ಅಕ್ಷರಕ್ಕೆ ಮಾತ್ರ ಈ ಸಡಿಲ ಯಾಕೆ? ಉತ್ತರ 30ಎಸ್ ರಚನೆಯಲ್ಲಿದೆ. 16ಎಸ್ ಆರ್‌ಆರ್‌ಎನ್‌ಎಯ A1493, A1492 ಮತ್ತು G530 ಎಂಬ ಮೂರು ಬೇಸ್‌ಗಳು ಕೋಡಾನ್-ಆಂಟಿಕೋಡಾನ್ ಜೋಡಿಯ ಕಿರುಗಾಲುವೆಯನ್ನು ತಡವಿ ನೋಡ್ತವೆ. ಮೊದಲ ಜೋಡಿಯನ್ನು A1493, ಎರಡನೆಯದನ್ನು A1492 ಮತ್ತು G530 ಅಳೆಯುತ್ತವೆ. ಆಕಾರ ಸರಿಯಾದ ಜೋಡಿಯದ್ದೇ ಆಗಿರಬೇಕು. ಮೂರನೇ ಜೋಡಿಗೆ ಅಷ್ಟು ಬಿಗಿಯಾದ ಅಳತೆ ಇಲ್ಲ. ಅಲ್ಲಿ ಸಡಿಲ ಬಿಟ್ಟಿರೋದು ರೈಬೋಸೋಮೇ. ಹಾಗಾಗಿ "ವಾಬಲ್ ಅಂದ್ರೆ ಅನುವಾದದ ದೋಷ" ಅನ್ನೋ ಹೇಳಿಕೆ ಕಂಡರೆ ತಪ್ಪು ಅಂತ ಗುರುತು ಹಾಕಿ.

ಪ್ರಶ್ನೆ 5: ಎರಡೂ ಬಾಗಿಲು ಒಂದೇ ಅಕ್ಷರದ ಮೇಲೆ

ಕೊನೆಯದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಮೂರನೇ ಅಕ್ಷರ ಬದಲಾದರೂ ಸಾಮಾನ್ಯವಾಗಿ ಅಮೈನೋ ಆಮ್ಲ ಬದಲಾಗಲ್ಲ ಅಥವಾ ಎರಡೆರಡು ಅಕ್ಷರದ ಗುಂಪಿನಲ್ಲಿ ಬದಲಾಗುತ್ತೆ. ಆದರೆ AUA ಅಂದ್ರೆ ಐಸೋಲ್ಯೂಸೀನ್, AUG ಅಂದ್ರೆ ಮೀಥಿಯೋನೀನ್. A ಮಾತ್ರ ಓದಿ G ಬಿಡುವ ಟಿಆರ್‌ಎನ್‌ಎ ಬೇಕು. ಮಾಮೂಲಿ U ಹಾಕಿದರೆ ವಾಬಲ್‌ನಿಂದ G ಯನ್ನೂ ಓದಿಬಿಡುವ ಅಪಾಯ ಇದೆ.

ಇ. ಕೊಲೈ ಬ್ಯಾಕ್ಟೀರಿಯಾ ಕಂಡುಕೊಂಡ ದಾರಿ ವಿಚಿತ್ರ. ಅದರ ಒಂದು ಐಸೋಲ್ಯೂಸೀನ್ ಟಿಆರ್‌ಎನ್‌ಎಯ ವಂಶವಾಹಿಯಲ್ಲಿ ಆಂಟಿಕೋಡಾನ್ CAU ಅಂತಿದೆ. ಅದು ಮೀಥಿಯೋನೀನ್ ಆಂಟಿಕೋಡಾನ್! ಆಮೇಲೆ TilS ಕಿಣ್ವ ಆ C ಗೆ ಒಂದು ಲೈಸೀನ್ ಅಂಟಿಸುತ್ತೆ. ಹೀಗಾದ C ಯ ಹೆಸರು ಲೈಸಿಡೀನ್, ಅದು ಜೋಡಿಯಾಗೋದು A ಜೊತೆ.

ಪ್ರಶ್ನೆ: ಲೈಸಿಡೀನ್ ಮಾಡುವ ಹೆಜ್ಜೆ ನಡೆಯದಿದ್ದರೆ ಆ ಟಿಆರ್‌ಎನ್‌ಎ ಏನಾಗುತ್ತೆ?
(ಅ) ಐಸೋಲ್ಯೂಸೀನ್ ಹೊತ್ತು AUG ಓದುತ್ತೆ.
(ಆ) ಮೀಥಿಯೋನೀನ್ ಹೊತ್ತು AUG ಓದುವ ಗುಂಪಿಗೆ ಸೇರುತ್ತೆ.
(ಇ) ಐಸೋಲ್ಯೂಸೀನ್ ಹೊತ್ತು AUA ಓದುತ್ತೆ.
(ಈ) ಮೀಥಿಯೋನೀನ್ ಹೊತ್ತು AUA ಓದುತ್ತೆ.

ಗೇಟು ಮಾತ್ರ ಯೋಚಿಸಿದವರು (ಅ) ಅಂತಾರೆ: ಕಾರ್ಡಿನ ಅಕ್ಷರ ಬದಲಾಯ್ತು, ಮನುಷ್ಯ ಅವನೇ. ಮೇಜು ಮಾತ್ರ ಯೋಚಿಸಿದವರು (ಈ) ಅಂತಾರೆ. ಸರಿ ಉತ್ತರ (ಆ). ಮೀಥಿಯೋನೀನ್ ಮತ್ತು ಐಸೋಲ್ಯೂಸೀನ್ ಸಿಂಥೆಟೇಸ್‌ಗಳು ಟಿಆರ್‌ಎನ್‌ಎಯನ್ನು ಗುರುತಿಸೋಕೆ ಆಂಟಿಕೋಡಾನನ್ನೇ ನೋಡ್ತವೆ. ಲೈಸಿಡೀನ್ ಇಲ್ಲದ CAU ಕಂಡಾಗ ಮೀಥಿಯೋನೀನ್ ಕಿಣ್ವ ಅದನ್ನು ತನ್ನದು ಅಂತ ಎಳ್ಕೊಳ್ಳುತ್ತೆ. ಗೇಟಿನಲ್ಲೂ ಅದು AUG ಗೇ ಜೋಡಿ. 1988ರಲ್ಲಿ ಜಪಾನಿನ ಮುರಮಾಟ್ಸು ಮತ್ತು ಜೊತೆಗಾರರು ಇದನ್ನು ತೋರಿಸಿದರು. ಒಂದೇ ಅಕ್ಷರದ ತಿದ್ದುವಿಕೆ ಎರಡೂ ಬಾಗಿಲಲ್ಲಿ ಗುರುತು ಬದಲಿಸುತ್ತೆ. ಅಷ್ಟೂ ಆದ ಮೇಲೆ AUA ಓದೋಕೆ ಯಾರೂ ಉಳಿಯಲ್ಲ, ಹಾಗಾಗಿ ಇ. ಕೊಲೈಗೆ ಆ ಕಿಣ್ವ ಇಲ್ಲದೆ ಬದುಕಿಲ್ಲ.

ಇದನ್ನು ಎಲ್ಲ ಸಿಂಥೆಟೇಸ್‌ಗೂ ಹಿಗ್ಗಿಸಬೇಡಿ. ಅಲನೀನ್ ಕಿಣ್ವ ಆಂಟಿಕೋಡಾನ್ ನೋಡೋದೇ ಇಲ್ಲ. ಅದಕ್ಕೆ ಬೇಕಾದ ಗುರುತು ಟಿಆರ್‌ಎನ್‌ಎಯ ಅಮೈನೋ ಆಮ್ಲದ ತುದಿಗೆ ಹತ್ತಿರ ಇರೋ G3·U70 ಎಂಬ ಜೋಡಿ. ಅಲನೀನ್ ಟಿಆರ್‌ಎನ್‌ಎಯ ಆಂಟಿಕೋಡಾನ್ ಬದಲಿಸಿದ ಪ್ರಶ್ನೆ ಬಂದ್ರೆ, ಅದು ಅಲನೀನನ್ನೇ ಹೊತ್ತು ಹೊಸ ಕೋಡಾನ್ ಓದುತ್ತೆ.

ಹುಡುಗಿಗೆ ನಾನು ಹೇಳಿದ್ದು ಇಷ್ಟು. ಪ್ರಶ್ನೆ ಪಕ್ಕದಲ್ಲಿ ಎರಡು ಸಾಲು ಬರ್ಕೋ: ಮೇಜಿನಲ್ಲಿ ಏನು ನೋಡಿದ್ರು, ಗೇಟಿನಲ್ಲಿ ಏನು ನೋಡಿದ್ರು. ಎರಡಕ್ಕೂ ಉತ್ತರ ಬರೆದ ಮೇಲೇ ಆಯ್ಕೆಗಳನ್ನು ಓದು. ಸತುವಿನ ಚಿತ್ರ ಬಿಡಿಸಿದ ಹಾಳೆ ಹಿಡ್ಕೊಂಡು ಅವಳು ಕೋಚಿಂಗ್‌ನವರ ಹತ್ತಿರ ಹೋದಳು. ಮುಂದಿನ ವಾರ ಮೆಟ್ಟಿಲಲ್ಲಿ ಸಿಕ್ಕಾಗ "ಕೀ ತಿದ್ದ್ಯಾರ ಅಣ್ಣಾ" ಅಂದಳು.

ನಿಮಗೊಂದು ಮನೆಗೆಲಸ: 5′-GAA-3′ ಆಂಟಿಕೋಡಾನ್ ಯಾವ ಕೋಡಾನುಗಳನ್ನು ಓದುತ್ತೆ? ವಾಬಲ್ ಜಾಗದ G ಗೆ C ಮತ್ತು U ಎರಡೂ ಜೋಡಿ ಅನ್ನೋದು ನೆನಪಿರಲಿ. UUC ಮತ್ತು UUU ಬಂದ್ರೆ, ಅಂದ್ರೆ ಫಿನೈಲ್‌ಅಲನೀನ್ ಬಂದ್ರೆ, ದಿಕ್ಕು ಸರಿಯಾಗಿ ತಿರುಗಿಸಿದ್ದೀರಿ. CUU ಬಂದಿದ್ರೆ ಪೆನ್ಸಿಲ್ ಮತ್ತೆ ತಗೊಳ್ಳಿ. ಮುಂದಿನ ವಾರ ಸಿಗೋಣ.